ಫೈಲಿನಲ್ಲಿಟ್ಟಿದ್ದೇವೆ ಅನ್ನಬೇಡಿ, ಇಲ್ಲ ಅಂತ ಬರೆಯಿರಿ

ಹೋದ ವರ್ಷ ಆಷಾಢದಲ್ಲಿ ಬ್ಯಾಡಗಿ ಕಡೆಯ ಹಳ್ಳಿಯೊಂದರಿಂದ ನನಗೆ ಫೋನ್ ಬಂತು. ಮೆಣಸಿನಕಾಯಿ ರೇಟಿನ ಸುದ್ದಿಗೆಂದು ಎಪಿಎಂಸಿಗೆ ಹೋದಾಗ ಪರಿಚಯವಾದ ರೈತರು. ಅವರನ್ನು ಕಾಕಾ ಅಂತೀನಿ. 'ಪೇಪರ್ ಸರ್ರ, ನಮ್ಮ ಹುಡುಗಿಗೆ ಒಂದು ಇಂಗ್ಲಿಷ್ ಮೇಲ್ ಬಂದೈತಿ. ಬಂದು ನಾಕೈದು ತಿಂಗಳಾತು. ಅದನ್ನ ಸ್ವಲ್ಪ ಸರಿಯಾಗಿ ಓದಿ ಹೇಳ್ರಿ' ಅಂದರು. ನಾಕೈದು ತಿಂಗಳ ಹಿಂದಿನ ಮೇಲನ್ನು ಈಗ ಯಾಕೆ ಓದಿಸುತ್ತಾರೆ ಅನ್ನಿಸಿತು. ಕಳಿಸ್ರಿ ಅಂದೆ.

ಹುಡುಗಿ ಬಿ.ಕಾಂ ಮುಗಿಸಿ, ಟ್ಯಾಲಿ ಕಲಿತವಳು. ಶಿವರಾತ್ರಿ ಹೊತ್ತಿಗೆ ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಗೆ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಎಂಟು ದಿನಕ್ಕೆ ಮೇಲ್ ಬಂತು. ಅದರಲ್ಲಿದ್ದದ್ದು ಇಷ್ಟು: ನಿಮ್ಮ ಪ್ರೊಫೈಲ್ ನೋಡಿ ನಮಗೆ ಬಹಳ ಮೆಚ್ಚುಗೆಯಾಯಿತು, ನಿಮ್ಮ ಆಸಕ್ತಿಗೆ ಧನ್ಯವಾದ, ಸದ್ಯಕ್ಕೆ ನಾವು ಮುಂದುವರಿಯುತ್ತಿಲ್ಲ, ನಿಮ್ಮ ರೆಸ್ಯೂಮನ್ನು ಫೈಲಿನಲ್ಲಿ ಇಟ್ಟುಕೊಂಡಿರುತ್ತೇವೆ, ಸೂಕ್ತ ಅವಕಾಶ ಬಂದಾಗ ಸಂಪರ್ಕಿಸುತ್ತೇವೆ. ಹೆಸರು ಕೂಡ ಇರಲಿಲ್ಲ, 'ಡಿಯರ್ ಕ್ಯಾಂಡಿಡೇಟ್' ಅಂತಿತ್ತು. ಆ ಮೇಲಿಗೆ ಉತ್ತರ ಬರೆಯಲು ಆಗುವುದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು.

ಪೇಟೆಯ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು 'ಇಲ್ಲ' ಅಂತ ಒಂದೇ ಕ್ಷಣಕ್ಕೆ ತಿಳಿಯುತ್ತದೆ. ಆದರೆ ಕಾಕಾನ ಮನೆಯಲ್ಲಿ ಇದನ್ನು ಬೇರೆ ರೀತಿ ಓದಿದರು. ನೀವೂ ಒಮ್ಮೆ ಅವರ ಕಣ್ಣಿನಿಂದ ಓದಿ ನೋಡಿ. ಬಹಳ ಮೆಚ್ಚುಗೆಯಾಗಿದೆ. ಸದ್ಯಕ್ಕೆ ಇಲ್ಲ, ಅಂದರೆ ಆಮೇಲೆ ಇದೆ. ಫೈಲಿನಲ್ಲಿದೆ. ನಮ್ಮ ಕಡೆ ಫೈಲ್ ಅಂದರೆ ಏನು? ತಹಶೀಲ್ದಾರ ಕಚೇರಿಯಲ್ಲಿ ಇರುವಂಥದ್ದು. ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗುವಂಥದ್ದು. ಯಾರಾದರೂ ದೂಡಿದರೆ ಮುಂದೆ ಸರಿಯುವಂಥದ್ದು, ದೂಡದಿದ್ದರೆ ಧೂಳು ತಿನ್ನುತ್ತ ಕೂರುವಂಥದ್ದು. ಫೈಲಿನಲ್ಲಿ ಇದೆ ಅಂದರೆ ಕೆಲಸ ಅರ್ಧ ಆದಂತೆ.

ಹಾಗಾಗಿ ಅವಳು ಕಾದಳು. ಏಪ್ರಿಲ್‌ನಲ್ಲಿ ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಿಂದ ಲೆಕ್ಕ ಬರೆಯುವ ಕೆಲಸಕ್ಕೆ ಕರೆ ಬಂದಿತ್ತು, ತಿಂಗಳಿಗೆ 9 ಸಾವಿರ. ಹುಬ್ಬಳ್ಳಿದು ಬಂದರೆ ನಡುವೆ ಬಿಟ್ಟು ಹೋಗಬೇಕಾಗುತ್ತದೆ, ಅವರಿಗೆ ಮಾತು ಕೊಟ್ಟು ಮುರಿಯುವುದು ಬೇಡ ಅಂತ ಅಪ್ಪ, ಮಗಳು ಕೂತು ಯೋಚಿಸಿ ಬೇಡ ಅಂದರು. ನೋಡಿ, ಮಾತು ಉಳಿಸಿಕೊಳ್ಳುವ ಜನ. ಕಂಪನಿ ತನ್ನ ಮಾತನ್ನು ಅಷ್ಟೇ ತೂಕದಿಂದ ಬರೆದಿರುತ್ತದೆ ಅಂತ ನಂಬಿದರು.

ಜೂನ್‌ನಲ್ಲಿ ಒಬ್ಬ ಏಜೆಂಟ್ ಬಂದ. ಆ ಮೇಲನ್ನು ಅವನಿಗೆ ತೋರಿಸಿದ್ದಾರೆ. ಅವನು ಓದಿ, 'ಕಾಕಾ, ಫೈಲ್‌ನಾಗ ಐತಿ ಅಂತ ಅವರ ಬರದಾರಲ್ಲ. ಮ್ಯಾಲೆ ತೆಗಿಸೋದಷ್ಟ ಬಾಕಿ. ನನಗ ಅಲ್ಲಿ ಗುರ್ತು ಅದಾರ' ಅಂದ. 40 ಸಾವಿರ ಕೇಳಿದ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಉಳಿದಿದ್ದ 15 ಸಾವಿರವನ್ನು ಕಾಕಾ ಕೊಟ್ಟರು. ಉಳಿದ ದುಡ್ಡು ಕೊಡುವ ಮೊದಲು ಒಮ್ಮೆ ಓದಿಸೋಣ ಅಂತ ನನಗೆ ಫೋನ್ ಮಾಡಿದ್ದು.

'ಕಾಕಾ, ಇದು ಇಲ್ಲ ಅಂತ ಐತ್ರಿ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ ಅಂತ ಎಲ್ಲಿ ಬರದಾರ, ತೋರಿಸ್ರಿ' ಅಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಮೇಲಿನಲ್ಲಿ ಎಲ್ಲೂ ಇಲ್ಲ ಅಂತ ಇರಲೇ ಇಲ್ಲ. 15 ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ.

ಆ ಮೇಲ್ ಬರೆದವರು ಕೆಟ್ಟವರೇನಲ್ಲ. ಅವರು ಬಹುಶಃ ಅದನ್ನು ಬರೆದೂ ಇಲ್ಲ, ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಒಂದು ನಮೂನೆಯನ್ನು ಒತ್ತಿದ್ದಾರೆ. ಹುಡುಗಿಯ ಮನಸ್ಸಿಗೆ ನೋವಾಗಬಾರದು ಅಂತಲೇ ಯಾರೋ ಒಂದು ಕಾಲದಲ್ಲಿ ಆ ನಮೂನೆಯನ್ನು ಅಷ್ಟು ಮೆತ್ತಗೆ ಮಾಡಿರಬೇಕು. ಆ ಮೆತ್ತಗಿನ ಖರ್ಚನ್ನು ಕಾಕಾ ಭರಿಸಿದರು.

ನಮಗೂ ಈ ಮೆತ್ತನೆಯ ಮಾತು ಹೊಸದಲ್ಲ. ಹೆಣ್ಣು ನೋಡಿ, ಅವಲಕ್ಕಿ ತಿಂದು, ಚಹಾ ಕುಡಿದು ಎದ್ದವರು 'ಊರಿಗೆ ಹೋಗಿ ಫೋನ್ ಮಾಡ್ತೀವ್ರಿ' ಅನ್ನುತ್ತಾರೆ. ಫೋನ್ ಬರುವುದಿಲ್ಲ. ಅದರಲ್ಲೂ ಸ್ವಲ್ಪ ಮರ್ಯಾದಸ್ಥರು ನಾಲ್ಕು ದಿನಕ್ಕೆ ಫೋನ್ ಮಾಡಿ 'ಜಾತಕ ಕೂಡಿ ಬರಲಿಲ್ಲ' ಅನ್ನುತ್ತಾರೆ. ಅದು ಸುಳ್ಳೇ ಇರಬಹುದು. ಆದರೆ ಅದರಲ್ಲಿ ಎರಡು ಒಳ್ಳೆಯ ಗುಣ ಇವೆ: ಹುಡುಗಿಯ ಮೇಲೆ ಯಾವ ಕುಂದೂ ಬರುವುದಿಲ್ಲ, ಮತ್ತು ಅದು ಪೂರ್ತಿ ಮುಗಿದ ಮಾತು. ಜಾತಕ ಕೂಡದಿದ್ದರೆ ಯಾರೂ ಶಿಫಾರಸು ಹಿಡಿದುಕೊಂಡು ಹೋಗುವುದಿಲ್ಲ. ಮನೆಯವರು ಮರುದಿನವೇ ಮುಂದಿನ ವರ ನೋಡಲು ಶುರು ಮಾಡುತ್ತಾರೆ.

ಕೆಲಸದ ವಿಷಯದಲ್ಲಿ ಸುಳ್ಳಿನ ಅಗತ್ಯವೂ ಇಲ್ಲ. ಹೇಗೆ ಅಂತ ಈ ಜನವರಿಯಲ್ಲಿ ನನಗೇ ಕಲಿಯುವ ಪ್ರಸಂಗ ಬಂತು.

ನಮ್ಮ ತಾಲೂಕಿನ ಒಂದು ರೈತ ಉತ್ಪಾದಕ ಕಂಪನಿಯವರು ಲೆಕ್ಕಿಗರೊಬ್ಬರನ್ನು ತೆಗೆದುಕೊಳ್ಳುವವರಿದ್ದರು. ಗೋವಿನಜೋಳ, ಮೆಣಸಿನಕಾಯಿ ಖರೀದಿ ಮಾಡುವ ಕಂಪನಿ. ಅದರ ಅಧ್ಯಕ್ಷರು ನನಗೆ ದೂರದ ಸಂಬಂಧ, ಮಾಮಾ ಅಂತೀನಿ. ಆರು ಜನರನ್ನು ಸಂದರ್ಶನಕ್ಕೆ ಕರೆದಿದ್ದರು. ಒಬ್ಬರ ಆಯ್ಕೆಯಾಯಿತು. 'ಉಳಿದ ಐದು ಮಂದಿಗೆ ಏನರ ನಾಕು ಛಲೋ ಮಾತು ಬರದು ಕಳಿಸು, ನಿನಗ ಬರಿಯೋ ಕೆಲಸ ಗೊತ್ತೈತಿ' ಅಂದರು ಮಾಮಾ. ಕಾಕಾನ ಪ್ರಕರಣ ತಲೆಯಲ್ಲಿತ್ತು. ಆಯಿತು ಅಂದೆ.

ಮೊದಲ ಸಲ ಬರೆದಾಗ ನಾನೂ ಅದೇ ತಪ್ಪು ಮಾಡಿದೆ. 'ತಾವು ದೂರದಿಂದ ಸಂದರ್ಶನಕ್ಕೆ ಬಂದದ್ದು ನಮಗೆ ಸಂತೋಷ ತಂದಿದೆ. ತಮ್ಮ ಟ್ಯಾಲಿ ಜ್ಞಾನ ಮೆಚ್ಚುವಂಥದ್ದು' ಅಂತ ಶುರು ಮಾಡಿ, ಐದನೇ ಸಾಲಿಗೆ 'ಆದರೆ' ಅಂತ ತಂದೆ. ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಲು ಮನೆಯವಳ ಫೋನಿಗೆ ಕಳಿಸಿದೆ. ಅವಳು ಅಡುಗೆ ಮನೆಯಿಂದ ಬಂದು, ಫೋನ್ ತೆರೆಯದೆ, ಮೇಲೆ ಕಂಡಷ್ಟನ್ನೇ ಓದಿ, 'ಯಾರಿಗೆ ಸಿಕ್ತು ಕೆಲಸ?' ಅಂದಳು.

ಫೋನಿನಲ್ಲಿ ಮೇಲ್ ಬಂದಾಗ ಮೊದಲು ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲು, ಒಳಗಿನ ಮೊದಲ ಕೆಲವು ಪದ, ಅಷ್ಟೇ. ಕೆಲಸಕ್ಕೆ ಕಾಯುತ್ತಿರುವವರು ಆ ಅಷ್ಟನ್ನು ಓದಿ ಮನೆಯವರನ್ನು ಕೂಗುತ್ತಾರೆ. ಪೂರ್ತಿ ಮೇಲ್ ತೆರೆಯುವ ಹೊತ್ತಿಗೆ ಅಕ್ಕಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ. ಆಗ ಐದನೇ ಸಾಲಿನಲ್ಲಿ 'ಆದರೆ' ಬಂದರೆ ಅದು ಎಲ್ಲರ ಮುಂದೆ ಬೀಳಿಸಿದಂತೆ. ಹಾಗಾಗಿ ಇಲ್ಲ ಅನ್ನುವುದು ವಿಷಯದ ಸಾಲಿನಲ್ಲೇ ಇರಬೇಕು, ಒಳಗಿನ ಮೊದಲ ವಾಕ್ಯದಲ್ಲಿ ಮತ್ತೊಮ್ಮೆ ಇರಬೇಕು. ಹೊಗಳಿಕೆ, ಧನ್ಯವಾದ ಎಲ್ಲ ಅದರ ಕೆಳಗೆ. ಮೊದಲು ಹೊಗಳಿ ಆಮೇಲೆ ಇಲ್ಲ ಅಂದರೆ ಹೊಗಳಿದ್ದು ಸುಳ್ಳು ಅನ್ನಿಸುತ್ತದೆ. ಮೊದಲು ಇಲ್ಲ ಅಂದು ಆಮೇಲೆ ಒಂದು ನಿಜವಾದ ಒಳ್ಳೆಯ ಮಾತು ಹೇಳಿದರೆ, ಅದನ್ನು ನಂಬಲು ಸಾಧ್ಯ. ಯಾಕೆಂದರೆ ಆಗ ಅದರಿಂದ ನಮಗೆ ಆಗಬೇಕಾದ್ದು ಏನೂ ಇರುವುದಿಲ್ಲ.

ಇನ್ನು ಆ 'ಇಲ್ಲ'ವನ್ನು ಯಾವ ಪದದಲ್ಲಿ ಹೇಳುವುದು? ಇದಕ್ಕೇ ನಾವಿಬ್ಬರೂ ಅರ್ಧ ದಿನ ಕೂತೆವು. 'ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಅಂತ ಕಂಪನಿಯ ಕಾರ್ಯದರ್ಶಿ ಸೂಚಿಸಿದರು. ಅದು ಪಡಿತರ ಚೀಟಿ ಅರ್ಜಿಗೆ ಬರುವ ಉತ್ತರದ ಹಾಗಿದೆ. 'ತಿಳಿಸಲು ವಿಷಾದಿಸುತ್ತೇವೆ' ಅಂದರೆ ಯಾರೋ ತೀರಿಕೊಂಡ ಹಾಗೆ. 'ದಯವಿಟ್ಟು ಕ್ಷಮಿಸಿ' ಅಂತ ಮಾಮಾ ಸೇರಿಸಲು ಹೇಳಿದರು. ನಾನು ಬೇಡ ಅಂದೆ. ಕ್ಷಮೆ ಕೇಳಿದರೆ ನಾವೇನೋ ತಪ್ಪು ಮಾಡಿದ್ದೇವೆ ಅಂತಾಗುತ್ತದೆ. ತಪ್ಪಾಗಿದ್ದರೆ ಸರಿ ಮಾಡಿ ಅಂತ ಅವರು ಕೇಳುವುದು ನ್ಯಾಯವೇ.

ಕೊನೆಗೆ ಉಳಿದದ್ದು ಬಹಳ ಸಾದಾ ವಾಕ್ಯ: 'ಈ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ, ಅವರು ಒಪ್ಪಿಕೊಂಡಿದ್ದಾರೆ.' ಬರೀ 'ನೀವು ಆಯ್ಕೆಯಾಗಿಲ್ಲ' ಅಂದರೆ ಖುರ್ಚಿ ಇನ್ನೂ ಖಾಲಿ ಇದೆ ಅನ್ನಿಸುತ್ತದೆ. ಖಾಲಿ ಖುರ್ಚಿ ಕಂಡರೆ ಅಪ್ಪಂದಿರು ಜಿಲ್ಲಾ ಪಂಚಾಯಿತಿ ಮಾಜಿ ಸದಸ್ಯರನ್ನು ಹುಡುಕುತ್ತಾರೆ, ಏಜೆಂಟ್ ಕಾಕಾನ ಮನೆ ಹುಡುಕುತ್ತಾನೆ. ಬೇರೊಬ್ಬರು ಕೂತಾಗಿದೆ ಅಂದರೆ ಆ ದಾರಿ ಮುಚ್ಚುತ್ತದೆ.

ಕಾರಣದ ಮಾತಿಗೆ ಬಂದಾಗ ಜಗಳವೇ ಆಯಿತು. ಸಂದರ್ಶನ ಮಾಡಿದ ಮೂವರು ತಮ್ಮ ಹಾಳೆಯಲ್ಲಿ ಬರೆದುಕೊಂಡಿದ್ದನ್ನು ನೋಡಿದೆ. ಒಬ್ಬ ಹುಡುಗನ ಹೆಸರಿನ ಮುಂದೆ 'ಮಾತಾಡಲು ಹಿಂಜರಿಕೆ, ಧೈರ್ಯ ಸಾಲದು' ಅಂತಿತ್ತು. ಅದನ್ನೇ ಬರೆದರೆ ಅವನಿಗೆ ಮುಂದೆ ಅನುಕೂಲವಾಗುತ್ತದೆ ಅಂತ ಕಾರ್ಯದರ್ಶಿ ವಾದ. ನಾನು ಒಂದೇ ಪ್ರಶ್ನೆ ಕೇಳಿದೆ: ಈ ಮೇಲನ್ನು ಮನೆಯಲ್ಲಿ ಯಾರು ಓದುತ್ತಾರೆ? ನಮ್ಮ ಮನೆಗಳಲ್ಲಿ ಫೋನ್ ಒಬ್ಬರದಲ್ಲ. ತಂಗಿ ಓದಿ ಹೇಳುತ್ತಾಳೆ, ಅಪ್ಪ ಕೇಳುತ್ತಾನೆ, ಅಜ್ಜಿ ಏನಂತ ಅನ್ನುತ್ತಾಳೆ. 'ನಿನಗ ಮಾತಾಡಾಕ ಬರಂಗಿಲ್ಲಂತ, ಬರದು ಕಳಿಸ್ಯಾರ' ಅನ್ನುವ ಮಾತು ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗಟ್ಟಿಯಾಗಿ ಮನೆಮಂದಿಯ ಮುಂದೆ ಓದಿದರೂ ತಲೆ ತಗ್ಗಿಸುವಂತಿರಬಾರದು. ನನ್ನ ಪ್ರಕಾರ ಕರುಣೆಯ ಪರೀಕ್ಷೆ ಅಲ್ಲಿದೆ, ಸಿಹಿ ಪದಗಳಲ್ಲಿ ಅಲ್ಲ.

ಹಾಗಂತ ಕಾರಣ ಪೂರ್ತಿ ಮುಚ್ಚಿಡಬೇಕಿಲ್ಲ. ಕೆಲಸಕ್ಕೆ ಬೇಕಾಗಿದ್ದು ಏನು, ಆಯ್ಕೆಯಾದವರಲ್ಲಿ ಏನಿತ್ತು ಅಂತ ಹೇಳಬಹುದು. ಇಲ್ಲಿ ಅದು ಸ್ಪಷ್ಟವಾಗಿತ್ತು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಂಡ ಬೀಳುತ್ತದೆ, ಕಲಿಸುವವರು ಕಂಪನಿಯಲ್ಲಿ ಯಾರೂ ಇಲ್ಲ. ಆಯ್ಕೆಯಾದವರು ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಇದನ್ನೇ ಮಾಡಿದವರು. ಉಳಿದ ಐವರೂ ಟ್ಯಾಲಿ ಬಲ್ಲವರು, ರಿಟರ್ನ್ ಸಲ್ಲಿಸಿದವರಲ್ಲ. ಇದು ನಿಜ, ಯಾರು ಬೇಕಾದರೂ ತಾಳೆ ನೋಡಬಹುದು, ಮನುಷ್ಯನ ಗುಣದ ಬಗ್ಗೆ ಅಲ್ಲ, ಮತ್ತು ಕಲಿತರೆ ತುಂಬಿಕೊಳ್ಳಬಹುದಾದ ಕೊರತೆ. ಇಂಥ ಕಾರಣ ಇದ್ದರೆ ಒಂದನ್ನು ಬರೆಯಿರಿ. ಇಲ್ಲದಿದ್ದರೆ, ಇಬ್ಬರೂ ಸಮ ಇದ್ದು ಒಬ್ಬರನ್ನು ಆರಿಸಬೇಕಾಯಿತು ಅನ್ನುವುದೇ ನಿಜವಾಗಿದ್ದರೆ, ಅದನ್ನೇ ಬರೆಯಿರಿ. ಮೂರು ನಾಲ್ಕು ಕಾರಣ ಪಟ್ಟಿ ಮಾಡಲು ಹೋಗಬೇಡಿ. ಎರಡನೆಯದಕ್ಕೇ ಅವರು ಉತ್ತರ ಬರೆಯುತ್ತಾರೆ, ಮೂರನೆಯದಕ್ಕೆ ವಾದ ಶುರುವಾಗುತ್ತದೆ.

ಕೊನೆಗೆ ಹೋದ ಮೇಲ್ ಇದು. ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಬೇಕಾದವರು ತೆಗೆದುಕೊಂಡು ಬಳಸಬಹುದು.

ವಿಷಯ: ಲೆಕ್ಕಿಗರ ಹುದ್ದೆಗೆ ಬೇರೊಬ್ಬರ ಆಯ್ಕೆಯಾಗಿದೆ

(ಹೆಸರು) ಅವರಿಗೆ ನಮಸ್ಕಾರ.

ಲೆಕ್ಕಿಗರ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಅವರು ಕೆಲಸ ಒಪ್ಪಿಕೊಂಡಿದ್ದಾರೆ. ಹಾಗಾಗಿ ಈ ಕೆಲಸ ನಿಮಗೆ ಸಿಗುವುದಿಲ್ಲ.

ಪ್ರತಿ ತಿಂಗಳ ಜಿಎಸ್‌ಟಿ ರಿಟರ್ನ್ ಸ್ವತಃ ಸಲ್ಲಿಸಿ ಅನುಭವ ಇರುವವರು ನಮಗೆ ಬೇಕಿತ್ತು. ಆಯ್ಕೆಯಾದವರಿಗೆ ಎರಡು ವರ್ಷದ ಆ ಅನುಭವ ಇದೆ.

ಸಂದರ್ಶನದ ದಿನ ನಾವು ಕೊಟ್ಟ ಹತ್ತು ಖರೀದಿ ಚೀಟಿಗಳನ್ನು ನೀವು ಟ್ಯಾಲಿಯಲ್ಲಿ ತಪ್ಪಿಲ್ಲದೆ ಏರಿಸಿದಿರಿ. ಅದನ್ನು ನಾವು ಮೂವರೂ ಗಮನಿಸಿದ್ದೇವೆ. ಕೆಲಸ ಬಿಟ್ಟು ಬಂದು ಅರ್ಧ ದಿನ ನಮಗೆ ಕೊಟ್ಟದ್ದಕ್ಕೆ ಧನ್ಯವಾದ.

ನಿಮ್ಮ ಅರ್ಜಿಯನ್ನು ಮುಂದಿನ ಕೆಲಸಕ್ಕೆಂದು ನಾವು ತೆಗೆದಿಟ್ಟಿಲ್ಲ. ಬೇರೆ ಕಡೆ ಕೆಲಸ ಸಿಕ್ಕರೆ ನಮಗಾಗಿ ಕಾಯಬೇಡಿ. ಮುಂದೆ ಹೊಸ ಹುದ್ದೆ ಇದ್ದರೆ ಕಚೇರಿಯ ಬೋರ್ಡಿಗೆ ಹಚ್ಚುತ್ತೇವೆ. ಆಗ ಎಲ್ಲರಂತೆ ನೀವೂ ಹೊಸದಾಗಿ ಅರ್ಜಿ ಹಾಕಬಹುದು. ನಮ್ಮಲ್ಲಿ ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನೀವು ಕೊಟ್ಟ ಅಂಕಪಟ್ಟಿ, ಆಧಾರ್ ಜೆರಾಕ್ಸ್ ಬೇಕಿದ್ದರೆ ಬಂದು ಒಯ್ಯಬಹುದು. ಇಲ್ಲದಿದ್ದರೆ ಮಾರ್ಚ್ 31ಕ್ಕೆ ಹರಿದು ಹಾಕುತ್ತೇವೆ.

ಏನಾದರೂ ಕೇಳುವುದಿದ್ದರೆ ಬೆಳಿಗ್ಗೆ 11ರಿಂದ 1ರ ಒಳಗೆ ಈ ನಂಬರಿಗೆ ಫೋನ್ ಮಾಡಿ, ನಾನೇ ಎತ್ತುತ್ತೇನೆ.

ಕೆಳಗೆ ಮಾಮಾನ ಹೆಸರು, ಅಧ್ಯಕ್ಷರು ಅಂತ, ಫೋನ್ ನಂಬರ್.

ಟ್ಯಾಲಿಯಲ್ಲಿ ತಪ್ಪಿಲ್ಲದೆ ಏರಿಸಿದ್ದು ಐವರಲ್ಲಿ ಇಬ್ಬರೇ. ಉಳಿದ ಮೂವರಿಗೆ ಆ ಸಾಲು ಹೋಗಲಿಲ್ಲ. ಒಬ್ಬರಿಗೆ ರೈತರ ಹಳೇ ಬಾಕಿ ಲೆಕ್ಕವನ್ನು ಚೆನ್ನಾಗಿ ವಿವರಿಸಿದ್ದನ್ನು ಬರೆದೆವು. ಇನ್ನಿಬ್ಬರಿಗೆ ಹಾಗೆ ಹೇಳುವಂಥದ್ದು ನಮ್ಮ ಹಾಳೆಗಳಲ್ಲಿ ಸಿಗಲಿಲ್ಲ, ಬರೀ ಧನ್ಯವಾದ ಬರೆದೆವು. ಎಲ್ಲರಿಗೂ ಒಂದೇ ಹೊಗಳಿಕೆ ಕಳಿಸಿದರೆ ಮರುದಿನ ಅವರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಒಂದೇ ತಾಲೂಕಿನವರು, ಒಂದೇ ಬಸ್ಸಿನಲ್ಲಿ ಬಂದವರು.

ಅಂದಹಾಗೆ ಐದೂ ಮೇಲ್ ಬೇರೆ ಬೇರೆ ಕಳಿಸಿದೆವು. ಎಲ್ಲರ ವಿಳಾಸವನ್ನೂ ಒಟ್ಟಿಗೆ To ಜಾಗದಲ್ಲಿ ಹಾಕಿ ಕಳಿಸಿದರೆ ಯಾರ್‍ಯಾರಿಗೆ ಕೆಲಸ ಸಿಗಲಿಲ್ಲ ಅಂತ ಊರಿಗೇ ಡಂಗುರ ಸಾರಿದಂತೆ. Bcc ಬಳಸಿದರೆ ವಿಳಾಸ ಕಾಣುವುದಿಲ್ಲ ನಿಜ, ಆದರೆ ಆಗ ಒಬ್ಬೊಬ್ಬರ ಹೆಸರು ಹಾಕಲು ಆಗುವುದಿಲ್ಲ. ಸಂದರ್ಶನಕ್ಕೆ ಎದುರು ಕೂತವರಿಗೆ ಹೆಸರಿಲ್ಲದ ಪತ್ರ ಹೋಗಬಾರದು. ಐದು ಮೇಲಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಐನೂರು ಅರ್ಜಿ ಬರುವ ಕಂಪನಿಗಳಿಗೆ ಇದು ಆಗದು ಅಂತ ನೀವು ಹೇಳಬಹುದು. ಅರ್ಜಿ ಹಾಕಿದವರೆಲ್ಲರ ಮಾತು ನಾನು ಆಡುತ್ತಿಲ್ಲ. ಕರೆಸಿ, ಕೂರಿಸಿ, ಪ್ರಶ್ನೆ ಕೇಳಿದವರು ಎಲ್ಲಿಯೂ ಐನೂರು ಇರುವುದಿಲ್ಲ.

ಐವರಲ್ಲಿ ಒಬ್ಬ ಹುಡುಗಿಯ ವಿಷಯ ಬೇರೆ ಇತ್ತು. ಅವಳು ಎರಡನೇ ಸ್ಥಾನದಲ್ಲಿದ್ದಳು. ಆಯ್ಕೆಯಾದವರು ಒಪ್ಪಿದ್ದರೂ ಇನ್ನೂ ಹಾಜರಾಗಿರಲಿಲ್ಲ, ಫೆಬ್ರವರಿ 2ಕ್ಕೆ ಬರುವವರಿದ್ದರು. ಬರದಿದ್ದರೆ ಇವಳನ್ನೇ ಕರೆಯುವುದು ಅಂತ ತೀರ್ಮಾನವಾಗಿತ್ತು. ಇವಳಿಗೂ ಪೂರ್ತಿ 'ಇಲ್ಲ' ಅಂದರೆ ಅದು ಸುಳ್ಳು. 'ಮುಂದೆ ನೋಡೋಣ' ಅಂದರೆ ಕಾಕಾನ ಮಗಳ ಕಥೆ. ಹಾಗಾಗಿ ಇದ್ದದ್ದನ್ನೇ ತಾರೀಖು ಹಾಕಿ ಬರೆದೆವು: 'ನೀವು ಎರಡನೆಯವರು. ಆಯ್ಕೆಯಾದವರು ಫೆಬ್ರವರಿ 2ಕ್ಕೆ ಹಾಜರಾಗುತ್ತೇವೆ ಅಂದಿದ್ದಾರೆ, ಬರುತ್ತಾರೆ ಅಂತಲೇ ನಮ್ಮ ನಂಬಿಕೆ. ಅವರು ಬಂದರೂ ಬರದಿದ್ದರೂ ಫೆಬ್ರವರಿ 3ರ ಸಂಜೆಯೊಳಗೆ ನಿಮಗೆ ನಾವೇ ಫೋನ್ ಮಾಡುತ್ತೇವೆ. ಅಷ್ಟರೊಳಗೆ ಬೇರೆ ಕೆಲಸ ಸಿಕ್ಕರೆ ದಯವಿಟ್ಟು ಅದನ್ನು ಬಿಡಬೇಡಿ.' ಆಸೆಗೆ ತಾರೀಖು ಇದ್ದರೆ ಅದು ಸುಳ್ಳು ಆಸೆ ಅಲ್ಲ. ಆದರೆ 3ನೇ ತಾರೀಖು ಫೋನ್ ಮಾಡಲೇಬೇಕು, ಇಲ್ಲ ಅಂತ ಹೇಳುವುದಕ್ಕಾದರೂ.

ಒಂದು ವಿಷಯದಲ್ಲಿ ನಾನು ಸೋತೆ. ಆಯ್ಕೆಯಾದವರು ಜನವರಿ 12ಕ್ಕೇ ಒಪ್ಪಿಕೊಂಡಿದ್ದರು. ಅವತ್ತೇ ಕಳಿಸೋಣ ಅಂದೆ. 'ಸಂಕ್ರಾಂತಿ ಹೊತ್ತಿನಾಗ ಬ್ಯಾಡೋ ತಮ್ಮಾ, ಎಳ್ಳು ಬೆಲ್ಲ ತಿನ್ನೋ ಹೊತ್ತು' ಅಂದರು ಮಾಮಾ. ಹಬ್ಬ ಕಳೆದು 16ಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಹೋಯಿತು. ಬೆಳಿಗ್ಗೆ ಕಳಿಸಿದ್ದು ಸರಿ. ರಾತ್ರಿ ಬಂದರೆ ಕೇಳಲು ಆಫೀಸು ತೆರೆದಿರುವುದಿಲ್ಲ, ನಿದ್ದೆ ಕೆಡುತ್ತದೆ. ಆದರೆ ಆ ನಾಲ್ಕು ದಿನ ಕಾಯಿಸಿದ್ದು ತಪ್ಪು ಅಂತಲೇ ಈಗಲೂ ಅಂತೀನಿ. ನಡುವೆ 13ಕ್ಕೆ ಒಬ್ಬ ಹುಡುಗ ಮಾಮಾಗೆ ಫೋನ್ ಮಾಡಿ ಕೇಳಿದ. ಮಾಮಾ ಏನಂದರು ಗೊತ್ತೇ? 'ನೋಡೋಣ ತಮ್ಮಾ, ಹಬ್ಬ ಆಗ್ಲಿ.' ಎದುರಿಗೆ ನಾನು ಕೂತಿದ್ದೆ. ಫೋನ್ ಇಟ್ಟಮೇಲೆ ನನ್ನ ಮುಖ ನೋಡಿ, 'ಬಾಯಾಗ ಬಂದ್ ಬಿಡ್ತೋ' ಅಂದರು. ನಮ್ಮ ಬಾಯಿಗೆ 'ನೋಡೋಣ' ಅಷ್ಟು ರೂಢಿಯಾಗಿದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ನಿಯಮ ಬಂದಿದೆ. 25 ಅಥವಾ ಹೆಚ್ಚು ಕೆಲಸಗಾರರಿರುವವರು ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ಮಾಡಿದರೆ, ಕೊನೆಯ ಸಂದರ್ಶನದಿಂದ 45 ದಿನದೊಳಗೆ ಆ ಹುದ್ದೆಯ ತೀರ್ಮಾನ ಆಗಿದೆಯೋ ಇಲ್ಲವೋ ಅಂತ ಅಭ್ಯರ್ಥಿಗೆ ತಿಳಿಸಬೇಕು. ನಮ್ಮ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡು ಇಲ್ಲ. ಬಂದರೂ ಅದರಿಂದ ಸುಮ್ಮನಿರುವ ಕಂಪನಿಗಳು ಮಾತಾಡಬಹುದು, ಅಷ್ಟೇ. ಕಾಕಾನ ಮಗಳಿಗೆ ಮೇಲ್ ಎಂಟೇ ದಿನಕ್ಕೆ ಬಂದಿತ್ತು ಅನ್ನುವುದನ್ನು ಮರೆಯಬೇಡಿ. ತಡವಾದದ್ದಲ್ಲ ಅಲ್ಲಿನ ತೊಂದರೆ.

ಸುಮ್ಮನಿರುವುದರ ಬಗ್ಗೆ ನನಗೂ ಸ್ವಲ್ಪ ಗೊತ್ತು. ಡಿಪ್ಲೊಮಾ ಮುಗಿಸಿದ ವರ್ಷ ಒಂದು ಪತ್ರಿಕೆಯಲ್ಲಿ ಸಂದರ್ಶನ ಕೊಟ್ಟಿದ್ದೆ. 'ತಿಳಿಸ್ತೀವಿ' ಅಂದಿದ್ದರು. ಹತ್ತು ವರ್ಷದ ಮೇಲಾಯಿತು, ಇನ್ನೂ ತಿಳಿಸಿಲ್ಲ.

ನಮ್ಮ ಮೇಲ್ ಹೋದಮೇಲೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಐವರಲ್ಲಿ ಇಬ್ಬರಿಂದ ಏನೂ ಬರಲಿಲ್ಲ. ಒಬ್ಬ ಹುಡುಗ 'ಸರಿ ಸರ್' ಅಂತ ಎರಡೇ ಪದ ಬರೆದ. 13ಕ್ಕೆ ಫೋನ್ ಮಾಡಿದ್ದ ಹುಡುಗ ಮತ್ತೆ ಫೋನ್ ಮಾಡಿ, ಸ್ವಲ್ಪ ಸಿಟ್ಟಿನಲ್ಲೇ, 'ಅವತ್ತ ಹೇಳಬೇಕಿತ್ರಿ, ನಾ ಹಬ್ಬದಾಗ ಊರಾಗ ಎಲ್ಲಾರಿಗೂ ನೌಕರಿ ಆಗಬಹುದು ಅಂತ ಹೇಳಿದ್ದೆ' ಅಂದ. ಮಾಮಾ ವಾದಿಸಲಿಲ್ಲ, 'ಹೌದಪಾ, ಅದು ನಂದ ತಪ್ಪು' ಅಂದರು. ಆಮೇಲೆ ಆ ಹುಡುಗನೇ ಮೆತ್ತಗಾಗಿ, ಜಿಎಸ್‌ಟಿ ರಿಟರ್ನ್ ಕಲಿಯಲು ಯಾರ ಹತ್ತಿರ ಹೋಗಬೇಕು ಅಂತ ಕೇಳಿದ. ಹಾವೇರಿಯ ಒಬ್ಬ ಆಡಿಟರ್ ಗುರುತು ಹೇಳಿದರು. ಹೋದನೋ ಇಲ್ಲವೋ ತಿಳಿಯದು.

ಎರಡನೇ ಸ್ಥಾನದ ಹುಡುಗಿಗೆ ಫೆಬ್ರವರಿ 3ಕ್ಕೆ ಮಾಮಾ ಫೋನ್ ಮಾಡಿದರು. ಆಯ್ಕೆಯಾದವರು ಹಿಂದಿನ ದಿನವೇ ಹಾಜರಾಗಿದ್ದರು. 'ಇಲ್ಲವ್ವಾ, ಅವರು ಬಂದಾರ, ಈ ಕೆಲಸ ನಿನಗ ಇಲ್ಲ' ಅಂತ ಮೊದಲ ಮಾತಿಗೇ ಹೇಳಿದರು. ಆ ಕಡೆಯಿಂದ ಅವಳು, 'ಗೊತ್ತಿತ್ರಿ ಅಜ್ಜಾರ, ನಾ ನಿನ್ನೆ ಹಿರೇಕೆರೂರಿನಾಗ ಒಂದು ಗೊಬ್ಬರದ ಅಂಗಡಿಗೆ ಸೇರ್ಕೊಂಡೆ' ಅಂದಳಂತೆ. ಮಾಮಾಗೆ ಐವತ್ತೆರಡು ವರ್ಷ. ಅಜ್ಜಾರು ಅಂದಿದ್ದಕ್ಕೆ ಮಾತ್ರ ಇನ್ನೂ ಬೇಸರದಲ್ಲಿದ್ದಾರೆ.